‘ಮೇಲಿನಿಂದ ಹಣ ಬಂದ ಮೇಲೆ ಕೊಡುತ್ತೇವೆ’: ಇದನ್ನು ಬರೆಯುವುದು ಹೇಗೆ?

ಪ್ರಶ್ನೆ: ತುಮಕೂರಿನ ಒಂದು ಹಾಸ್ಟೆಲ್ ಕಟ್ಟಡದಲ್ಲಿ ವಿದ್ಯುತ್ ಕೆಲಸದ ಉಪಗುತ್ತಿಗೆ ಹಿಡಿದಿದ್ದೇನೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯವರು ಜೂನ್ 4ರಂದು ಎರಡು ಪ್ಯಾನಲ್ ಬೋರ್ಡ್ ಕಳಿಸಿದರು. ಬಿಲ್ಲು ₹3,54,000. ನಾನು ಜೂನ್ 28ರಂದು ಮುಖ್ಯ ಗುತ್ತಿಗೆದಾರರಿಗೆ ನನ್ನ ಮೂರನೇ ಬಿಲ್ಲು ಕೊಟ್ಟೆ, ಇನ್ನೂ ಹಣ ಬಂದಿಲ್ಲ. ಬೋರ್ಡಿನವರು ದಿನಾ ಫೋನ್ ಮಾಡುತ್ತಾರೆ. ‘ನಮಗೆ ಮೇಲಿನಿಂದ ಪೇಮೆಂಟ್ ಆಗಿಲ್ಲ. ಕ್ಲೈಂಟ್ ಕೊಟ್ಟ ಕೂಡಲೇ ನಿಮಗೆ ಕೊಡುತ್ತೇವೆ. ದಯವಿಟ್ಟು ಸಹಕರಿಸಿ’ ಎಂದು ಬರೆದೆ, ಅವರಿಗೆ ಸಿಟ್ಟು ಬಂತು. ಗೋಡೆ ಕೊರೆದು ಪೈಪ್ ಹಾಕಿದ ಮೇಸ್ತ್ರಿಗೂ ಇದನ್ನೇ ಹೇಳಬೇಕಾಗಿದೆ. ಸಂಬಂಧ ಕೆಡದಂತೆ, ನ್ಯಾಯವಾಗಿ ಕಾಣುವಂತೆ ಇದನ್ನು ಹೇಗೆ ಬರೆಯಲಿ? ನಮ್ಮ ವರ್ಕ್ ಆರ್ಡರಿನಲ್ಲಿ ‘ಹಣ ಪಾವತಿ ಬ್ಯಾಕ್ ಟು ಬ್ಯಾಕ್’, ಅಂದರೆ ಮೇಲಿನಿಂದ ಬಂದಂತೆ ಕೆಳಗೆ, ಎಂದಷ್ಟೇ ಇದೆ.

ಉತ್ತರ: ನಿಮ್ಮ ಮೂರು ವಾಕ್ಯಗಳಲ್ಲಿ ಒರಟು ಮಾತು ಒಂದೂ ಇಲ್ಲ. ಆದರೂ ಅವರಿಗೆ ಸಿಟ್ಟು ಬಂದಿದೆ ಎಂದರೆ ತೊಂದರೆ ಮಾತಿನ ಧಾಟಿಯಲ್ಲಿಲ್ಲ. ‘ಕ್ಲೈಂಟ್ ಕೊಟ್ಟ ಕೂಡಲೇ’ ಎಂಬ ಮಾತನ್ನು ಅವರ ಕುರ್ಚಿಯಲ್ಲಿ ಕುಳಿತು ಓದಿ ನೋಡಿ. ಆ ಕ್ಲೈಂಟ್ ಯಾರೆಂದು ಅವರಿಗೆ ಗೊತ್ತಿಲ್ಲ, ಅವನೊಂದಿಗೆ ಅವರಿಗೆ ಕರಾರಿಲ್ಲ, ಫೋನ್ ಮಾಡಿ ಕೇಳುವ ಹಕ್ಕೂ ಇಲ್ಲ. ತಮ್ಮ ಹಣ ಯಾವ ದಿನ ಬರುತ್ತದೆ ಎಂಬುದನ್ನು ತಾವು ಕಾಣದ ಒಬ್ಬ ಮನುಷ್ಯ ತೀರ್ಮಾನಿಸುತ್ತಾನೆ ಎಂಬುದೊಂದೇ ಅವರಿಗೆ ಆ ವಾಕ್ಯದಿಂದ ತಿಳಿಯುವುದು.

ಇಪ್ಪತ್ತೈದು ವರ್ಷಗಳ ಹಿಂದೆ, ಬಿಲ್ಲಿಂಗ್ ಎಂಜಿನಿಯರಾಗಿ ಕೆಲಸ ಮಾಡುತ್ತಿದ್ದಾಗ, ನಾನೂ ಇಂಥದ್ದೇ ಪತ್ರವೊಂದನ್ನು ಬರೆದಿದ್ದೆ. ಗ್ರಿಲ್ ಮಾಡಿಕೊಟ್ಟಿದ್ದ ಹಿರಿಯರೊಬ್ಬರು ಅದನ್ನು ಮಡಿಸಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ನಮ್ಮ ಸೈಟ್ ಕಚೇರಿಗೆ ಬಂದರು. ಕೂಗಾಡಲಿಲ್ಲ. ಪತ್ರವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು, ‘ಬಂದ ಕೂಡಲೇ’ ಎಂಬ ಪದದ ಕೆಳಗೆ ಬೆರಳಿಟ್ಟು, ‘ಇದರಲ್ಲಿ ತಾರೀಖು ಎಲ್ಲಿದೆ ತೋರಿಸಿ ಸ್ವಾಮಿ’ ಎಂದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ಆ ಬೆರಳನ್ನು ನಾನು ಮರೆತಿಲ್ಲ. ಇಂಥ ಪತ್ರ ಬರೆಯುವಾಗಲೆಲ್ಲ ಅದು ಯಾವ ಪದದ ಕೆಳಗೆ ಬಂದು ನಿಲ್ಲುತ್ತದೆ ಎಂದು ನೋಡಿಕೊಳ್ಳುತ್ತೇನೆ.

ನೀವು ಮೊದಲು ತೀರ್ಮಾನಿಸಬೇಕಾದದ್ದು ಒಂದು. ‘ಮೇಲಿನಿಂದ ಬಂದಾಗ ಕೊಡುತ್ತೇನೆ’ ಎನ್ನುವುದಕ್ಕೆ ಎರಡು ಅರ್ಥಗಳಿವೆ. ಮೇಲಿನ ಹಣ ಬರುವ ಸಮಯಕ್ಕೆ ನನ್ನ ಪಾವತಿಯನ್ನು ಹೊಂದಿಸಿಕೊಳ್ಳುತ್ತೇನೆ, ಆದರೆ ಸಾಲ ನನ್ನದೇ ಎಂಬುದು ಒಂದು ಅರ್ಥ. ಮೇಲಿನಿಂದ ಬಾರದಿದ್ದರೆ ನಿಮಗೂ ಇಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ತಡ ಮಾತ್ರ ಇದೆ. ಎರಡನೆಯದರಲ್ಲಿ ನಷ್ಟವನ್ನೇ ಅವರ ತಲೆಗೆ ಕಟ್ಟಿದಂತಾಗುತ್ತದೆ. ನಿಮ್ಮ ಮನಸ್ಸಿನಲ್ಲಿ ಇರುವುದು ಮೊದಲನೆಯದು, ನಿಮ್ಮ ಪತ್ರದಲ್ಲಿ ಓದಿಗೆ ಸಿಗುವುದು ಎರಡನೆಯದು. ಬ್ರಿಟನ್ನಿನಲ್ಲಿ 1996ರ ಕಾಯ್ದೆಯೊಂದು ನಿರ್ಮಾಣ ಕರಾರುಗಳಲ್ಲಿ ಇಂಥ ಷರತ್ತನ್ನು, ಮೇಲಿನವರು ದಿವಾಳಿಯಾದ ಸಂದರ್ಭವೊಂದನ್ನು ಬಿಟ್ಟು, ಊರ್ಜಿತವಲ್ಲ ಎಂದು ತೆಗೆದುಹಾಕಿದೆ. ನಮ್ಮಲ್ಲಿ ಹಾಗೆ ನೇರವಾಗಿ ನಿಷೇಧಿಸುವ ಕಾಯ್ದೆಯಿಲ್ಲ. ಆದರೆ ಅದರ ಕಾಲನ್ನು ಕಟ್ಟುವ ಇನ್ನೊಂದು ಕಾಯ್ದೆ ಇದೆ. ನಿಮ್ಮ ವಿಷಯದಲ್ಲಿ ಅದೇ ಮುಖ್ಯ.

ಬೋರ್ಡಿನವರು ತಯಾರಕರು. ಅವರು ಸೂಕ್ಷ್ಮ ಅಥವಾ ಸಣ್ಣ ಉದ್ಯಮವಾಗಿ ಉದ್ಯಮ್ ನೋಂದಣಿ ಮಾಡಿಸಿದ್ದರೆ (ಅವರ ಬಿಲ್ಲಿನ ಮೇಲೆ ಸಂಖ್ಯೆ ಇದೆಯೇ ನೋಡಿ), 2006ರಲ್ಲಿ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಬಂದ ಎಂಎಸ್‌ಎಂಇಡಿ ಕಾಯ್ದೆಯ 15ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ಲಿಖಿತ ಕರಾರಿನಲ್ಲಿ ದಿನಾಂಕವಿದ್ದರೆ ಅಂದು ಅಥವಾ ಅದಕ್ಕೂ ಮೊದಲು ಹಣ ಕೊಡಬೇಕು. ಕರಾರು ಏನೇ ಹೇಳಲಿ, ಸರಕು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ದಿನಾಂಕದ ಒಪ್ಪಂದವೇ ಇಲ್ಲದಿದ್ದರೆ ಲೆಕ್ಕ 15 ದಿನಕ್ಕೆ ಇಳಿಯುತ್ತದೆ. ಸರಕಿನಲ್ಲಿ ದೋಷವಿದೆ ಎಂದು ನೀವು 15 ದಿನದೊಳಗೆ ಬರೆದು ಕೊಟ್ಟಿಲ್ಲವಾದರೆ, ಅದು ಸೈಟಿಗೆ ಬಂದಿಳಿದ ದಿನವೇ ಸ್ವೀಕಾರದ ದಿನ. ಕೊಳ್ಳುವವನು ದೊಡ್ಡ ಕಂಪನಿಯೋ ನಿಮ್ಮಂಥ ಸಣ್ಣ ಗುತ್ತಿಗೆದಾರನೋ ಎಂದು ಈ ಕಾಯ್ದೆ ಕೇಳುವುದಿಲ್ಲ. ಕೊಂಡವನು ಕೊಂಡವನೇ.

ನಿಮ್ಮ ಬೋರ್ಡುಗಳು ಬಂದದ್ದು ಜೂನ್ 4ಕ್ಕೆ. ನಿಮ್ಮ ಪರವಾಗಿ ಎಷ್ಟು ಉದಾರವಾಗಿ ಲೆಕ್ಕ ಹಾಕಿದರೂ ಜುಲೈ 19ಕ್ಕೆ ಗಡುವು ಮುಗಿದಿದೆ. ‘ಬ್ಯಾಕ್ ಟು ಬ್ಯಾಕ್’ ಎಂಬುದು ದಿನಾಂಕವಲ್ಲ, ಆದ್ದರಿಂದ 15 ದಿನವೇ ಸರಿ ಎಂದು ಅವರ ವಕೀಲರು ವಾದಿಸಬಹುದು. ಆಗ ಜೂನ್ ಕೊನೆಯ ಹತ್ತು ದಿನಗಳೂ ಬಡ್ಡಿಗೆ ಸೇರುತ್ತವೆ. ಬಡ್ಡಿ ಎಷ್ಟು? ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 5.5 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ. 16.5. ನಿಮ್ಮ ಬಾಕಿಗೆ ಮೊದಲ ತಿಂಗಳಿಗೇ ಸುಮಾರು ₹4,870. ಅವರು ಇಂಥ ಬಾಕಿಯ ತಕರಾರುಗಳನ್ನು ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಿ ಆದೇಶ ಪಡೆದರೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ನೀವು ಮೊದಲು ಆ ಮೊತ್ತದ ಶೇ. 75ನ್ನು ಠೇವಣಿ ಇಡಬೇಕು. ಅವರು ತಯಾರಕರಾಗಿರದೆ ತಂದು ಮಾರುವ ಅಂಗಡಿಯವರಾಗಿದ್ದರೆ ಈ ರಕ್ಷಣೆ ಅವರಿಗೆ ಸಿಗುವುದಿಲ್ಲ. ಆದರೂ ಸಾಲ ಸಾಲವೇ.

ಇದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ‘ಮೇಲಿನವರು ಕೊಟ್ಟಿಲ್ಲ’ ಎಂಬ ಕಾರಣಕ್ಕೆ 45ನೇ ದಿನದ ನಂತರ ಆ ಕಾಯ್ದೆಯ ಮುಂದೆ ಬೆಲೆಯಿಲ್ಲ, ಆದ್ದರಿಂದ ಪತ್ರದಲ್ಲಿ ಅದನ್ನು ನಿಮ್ಮ ಹಕ್ಕಿನಂತೆ ಬರೆಯಬೇಡಿ ಎಂದು ಹೇಳುತ್ತಿದ್ದೇನೆ. ನೀವು ಈಗ ಅವರಿಂದ ಕೇಳುತ್ತಿರುವುದು ವಾಯಿದೆ. ವಾಯಿದೆ ಕೇಳುವವನ ಪತ್ರದಲ್ಲಿ ಏನಿರಬೇಕೋ ಅದು ಇದ್ದರೆ ಸಾಕು. ಮೊದಲು ಸಾಲದ ಒಪ್ಪಿಗೆ, ಆಮೇಲೆ ಪರಿಶೀಲಿಸಿ ನೋಡಬಹುದಾದ ಕಾರಣ, ಕೊನೆಗೆ ತಾರೀಖು.

ಕಾರಣದ ಬಗ್ಗೆ ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಕ್ಲೈಂಟ್ ಕೊಟ್ಟಿಲ್ಲ’ ಎಂದು ಬರೆಯುವ ಮೊದಲು ಅದು ನಿಜವೇ ಎಂದು ನಿಮಗೆ ಗೊತ್ತೇ? ಉಪಗುತ್ತಿಗೆದಾರನ ಬಿಲ್ಲು ಹಲವು ಕೈ ದಾಟುತ್ತದೆ. ಸೈಟಿನಲ್ಲಿ ಮುಖ್ಯ ಗುತ್ತಿಗೆದಾರರ ಎಂಜಿನಿಯರ್ ನಿಮ್ಮೊಂದಿಗೆ ನಿಂತು ಜಂಟಿ ಅಳತೆ ತೆಗೆದು ಸಹಿ ಹಾಕಬೇಕು. ಅವರ ಬಿಲ್ಲಿಂಗ್ ವಿಭಾಗ ಅದನ್ನು ವರ್ಕ್ ಆರ್ಡರಿನ ದರ, ಪ್ರಮಾಣಗಳೊಂದಿಗೆ ತಾಳೆ ನೋಡಬೇಕು. ಅವರು ಅದನ್ನು ತಮ್ಮ ಬಿಲ್ಲಿಗೆ ಸೇರಿಸಿ ಮಾಲೀಕರ ಸಲಹೆಗಾರರಿಗೆ ಕಳಿಸಬೇಕು. ಸಲಹೆಗಾರರು ದೃಢೀಕರಿಸಿದ ಮೇಲೆ ಮಾಲೀಕರ ಲೆಕ್ಕಪತ್ರ ವಿಭಾಗ ಹಣ ಬಿಡಬೇಕು. ಆಮೇಲೆ ಅದು ಮುಖ್ಯ ಗುತ್ತಿಗೆದಾರರ ಖಾತೆಗೆ ಬಂದು, ಕೆಲಸದ ಭದ್ರತೆಗೆಂದು ತಡೆಹಿಡಿಯುವ ರಿಟೆನ್ಷನ್ ಮೊತ್ತ ಮತ್ತು ಟಿಡಿಎಸ್ ಕಳೆದು, ನಿಮಗೆ ಬರಬೇಕು. ನಿಮ್ಮ ಬಿಲ್ಲು ಯಾವ ಕೈಯಲ್ಲಿ ನಿಂತಿದೆ ಎಂದು ಕೇಳಿ ತಿಳಿದುಕೊಳ್ಳಿ. ನಾನು ನೋಡಿದ ಎಷ್ಟೋ ಪ್ರಕರಣಗಳಲ್ಲಿ ‘ಕ್ಲೈಂಟ್ ಹಣ ಬಿಟ್ಟಿಲ್ಲ’ ಎಂಬ ಬಿಲ್ಲು ಕ್ಲೈಂಟಿನ ಕಚೇರಿಗೆ ಹೋಗಿಯೇ ಇರಲಿಲ್ಲ. ಅಳತೆ ಹಾಳೆಗೆ ಒಂದು ಸಹಿ ಬೀಳದೆ, ಅಥವಾ ಬೋರ್ಡಿನ ಪರೀಕ್ಷಾ ವರದಿ ಲಗತ್ತಿಸದೆ, ಸೈಟಿನ ಕಪಾಟಿನಲ್ಲೇ ಕುಳಿತಿತ್ತು.

ನಿಮ್ಮ ಲೆಕ್ಕದಲ್ಲಿ ಇನ್ನೊಂದು ವಿಷಯ ಕಾಣುತ್ತದೆ. ಬೋರ್ಡು ಬಂದದ್ದು 4ಕ್ಕೆ, ನೀವು ಬಿಲ್ಲು ಕೊಟ್ಟದ್ದು 28ಕ್ಕೆ. ಆ 24 ದಿನಗಳು ಕ್ಲೈಂಟಿನದಲ್ಲ, ನಿಮ್ಮವು. ತಿಂಗಳಿಗೊಂದೇ ಬಿಲ್ಲು ಎಂಬ ಪದ್ಧತಿ ನಿಮ್ಮ ಸೈಟಿನಲ್ಲಿ ಇರಬಹುದು. ಆದರೆ ಅದು ಬೋರ್ಡಿನವರಿಗೆ ಗೊತ್ತಿರಲಿಲ್ಲ. ಪತ್ರದಲ್ಲಿ ಆ ದಿನಗಳನ್ನೂ ಮಾಲೀಕರ ಲೆಕ್ಕಕ್ಕೆ ಬರೆದರೆ, ನಾಳೆ ಅವರು ಮುಖ್ಯ ಗುತ್ತಿಗೆದಾರರ ಎಂಜಿನಿಯರನ್ನು ಎಲ್ಲೋ ಭೇಟಿಯಾಗಿ ಕೇಳಿದಾಗ ನಿಮ್ಮ ಮಾತು ಒಡೆಯುತ್ತದೆ. ಪೀಣ್ಯ ದೊಡ್ಡದಾದರೂ ಈ ಕಸುಬಿನವರು ಒಬ್ಬರಿಗೊಬ್ಬರು ಪರಿಚಿತರೇ.

ತಾರೀಖಿಗಿಂತ ಮೊದಲು ಕೊಡಬಹುದಾದದ್ದು ಒಂದಿದೆ, ಜಿಎಸ್‌ಟಿಯ ಭಾಗ. ₹3,54,000ದಲ್ಲಿ ಬೋರ್ಡಿನ ಬೆಲೆ ₹3,00,000, ತೆರಿಗೆ ₹54,000. ತಿಂಗಳ ರಿಟರ್ನ್ ಸಲ್ಲಿಸುವವರಾದರೆ ಅವರು ಆ ₹54,000ವನ್ನು ಜುಲೈ 20ರ ಹೊತ್ತಿಗೇ ಸರ್ಕಾರಕ್ಕೆ ಕಟ್ಟಿ ಆಗಿರುತ್ತದೆ, ನಿಮ್ಮಿಂದ ಒಂದು ಪೈಸೆ ಬಾರದಿದ್ದರೂ. ಅದೇ ಬಿಲ್ಲಿನ ಮೇಲೆ ನೀವು ₹54,000 ಹೂಡುವಳಿ ತೆರಿಗೆ ಜಮೆ ಪಡೆದುಕೊಂಡಿದ್ದೀರಿ. ಅಂದರೆ ಅವರ ಕೈಯಿಂದ ಹೋದ ಹಣದ ಲಾಭ ಈಗ ನಿಮ್ಮ ಲೆಕ್ಕದಲ್ಲಿದೆ. ಇದು ಅವರಿಗೆ ಚೆನ್ನಾಗಿ ಗೊತ್ತು, ಹೇಳದಿದ್ದರೂ ಎದೆಯಲ್ಲಿ ಚುಚ್ಚುತ್ತಿರುತ್ತದೆ. ಆ ಮೊತ್ತವನ್ನು ಇಂದೇ ಕಳಿಸಿ, ಆಮೇಲೆ ಪತ್ರ ಬರೆಯಿರಿ. ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಪೂರ್ತಿ ಹಣ ಕೊಡದಿದ್ದರೆ, ಕೊಡದೆ ಉಳಿದ ಭಾಗದ ಜಮೆಯನ್ನು ನೀವು ಬಡ್ಡಿಸಹಿತ ಹಿಂದಿರುಗಿಸಬೇಕಾಗುತ್ತದೆ ಎಂಬುದನ್ನೂ ನೆನಪಿಡಿ.

ಪತ್ರ ಹೀಗಿರಲಿ, ಬಿಲ್ಲು ಎಲ್ಲಿ ನಿಂತಿದೆ ಎಂಬಲ್ಲಿ ಮಾತ್ರ ನೀವು ಕೇಳಿ ತಿಳಿದದ್ದನ್ನೇ ಬರೆಯಿರಿ:

‘ಮಾನ್ಯರೇ,

ನೀವು ಜೂನ್ 4ರಂದು ತುಮಕೂರಿನ ಸೈಟಿಗೆ ತಲುಪಿಸಿದ ಎರಡು ಪ್ಯಾನಲ್ ಬೋರ್ಡುಗಳ ಬಾಬ್ತು ₹3,54,000 ನಾವು ನಿಮಗೆ ಕೊಡಬೇಕಾದ ಬಾಕಿ. ಬೋರ್ಡುಗಳ ಗುಣಮಟ್ಟದ ಬಗ್ಗೆ ನಮ್ಮ ತಕರಾರು ಏನೂ ಇಲ್ಲ. ಈ ಹಣ ಜುಲೈಯಲ್ಲೇ ನಿಮಗೆ ತಲುಪಬೇಕಾಗಿತ್ತು. ತಡವಾದದ್ದಕ್ಕೆ ಕ್ಷಮೆ ಕೇಳುತ್ತೇವೆ.

ಈ ಬೋರ್ಡುಗಳು ಸೇರಿರುವ ನಮ್ಮ ಮೂರನೇ ಬಿಲ್ಲನ್ನು ಜೂನ್ 28ರಂದು ಮುಖ್ಯ ಗುತ್ತಿಗೆದಾರರಿಗೆ ಕೊಟ್ಟಿದ್ದೇವೆ. ಜಂಟಿ ಅಳತೆ ಮುಗಿದಿದೆ. ಬಿಲ್ಲು ಈಗ ಮಾಲೀಕರ ಸಲಹೆಗಾರರ ಬಳಿ ದೃಢೀಕರಣಕ್ಕೆ ಇದೆ. ಆ ಹಣವನ್ನು ನಂಬಿಕೊಂಡು ನಿಮ್ಮ ಪಾವತಿಯನ್ನು ಯೋಜಿಸಿದ್ದೆವು, ಅದು ತಪ್ಪಿತು.

ಜಿಎಸ್‌ಟಿ ಮೊತ್ತ ₹54,000ವನ್ನು ಇಂದು ನಿಮ್ಮ ಖಾತೆಗೆ ಕಳಿಸಿದ್ದೇವೆ. ಆಗಸ್ಟ್ 14ರಂದು ₹1,00,000 ಕೊಡುತ್ತೇವೆ. ಉಳಿದ ₹2,00,000ವನ್ನು ಮೇಲಿನ ಹಣ ಬಂದ ಮೂರು ದಿನದೊಳಗೆ ಕೊಡುತ್ತೇವೆ. ಅದು ಬಾರದೆ ಹೋದರೂ ಸೆಪ್ಟೆಂಬರ್ 5ರಂದು ನಮ್ಮ ಕೈಯಿಂದಲೇ ಕೊಡುತ್ತೇವೆ. ಈ ದಿನಾಂಕಗಳು ನಿಮಗೆ ಆಗುತ್ತವೆಯೇ ತಿಳಿಸಿ.’

ಈಗ ಆ ಹಿರಿಯರ ಬೆರಳನ್ನು ಇದರ ಮೇಲೆ ಓಡಿಸಿ. ‘ಮೇಲಿನ ಹಣ ಬಂದ ಮೂರು ದಿನದೊಳಗೆ’ ಎಂಬಲ್ಲಿ ಅದು ನಿಂತರೆ, ಮುಂದಿನ ವಾಕ್ಯದಲ್ಲೇ ತಾರೀಖು ಇದೆ. ಇಡೀ ಪತ್ರ ನಿಂತಿರುವುದು ‘ಬಾರದೆ ಹೋದರೂ’ ಎಂಬ ಎರಡು ಪದಗಳ ಮೇಲೆ. ಅವನ್ನು ಬರೆಯಲು ಕೈ ನಡುಗುತ್ತದೆ ಎಂದು ನನಗೆ ಗೊತ್ತು. ನಡುಗಿದರೆ ತಾರೀಖನ್ನು ಮುಂದಕ್ಕೆ ಹಾಕಿ, ಕಂತನ್ನು ಸಣ್ಣದು ಮಾಡಿ, ಬ್ಯಾಂಕಿನ ಓವರ್‌ಡ್ರಾಫ್ಟ್ ಎಷ್ಟಿದೆ ನೋಡಿ. ಆ ಪದಗಳನ್ನು ಮಾತ್ರ ತೆಗೆಯಬೇಡಿ. ತೆಗೆದರೆ ಉಳಿಯುವುದು ನಿಮ್ಮ ಹಳೆಯ ಪತ್ರವೇ, ಸ್ವಲ್ಪ ಉದ್ದವಾಗಿ.

‘ದಯವಿಟ್ಟು ಸಹಕರಿಸಿ’ ಎಂಬುದನ್ನು ನಾನು ಬಿಟ್ಟಿರುವುದು ಬೇಕೆಂದೇ. ಎರಡು ತಿಂಗಳಿಂದ ಕಾಯುತ್ತಿರುವವರು ಸಹಕರಿಸುತ್ತಲೇ ಇದ್ದಾರೆ. ‘ದಿನಾಂಕಗಳು ಆಗುತ್ತವೆಯೇ ತಿಳಿಸಿ’ ಎಂದರೆ ಅವರಿಗೆ ಉತ್ತರಿಸಲು ಏನಾದರೂ ಇರುತ್ತದೆ. ‘ಹತ್ತನೇ ತಾರೀಖಿಗೆ ನಮ್ಮ ತಾಮ್ರದ ಪಟ್ಟಿಯವರಿಗೆ ಕೊಡಬೇಕು, ₹1,00,000ವನ್ನು ನಾಲ್ಕು ದಿನ ಮೊದಲು ಕೊಡಿ’ ಎಂದು ಅವರು ಕೇಳಬಹುದು. ಅದು ಒಳ್ಳೆಯ ಲಕ್ಷಣ, ಸಾಧ್ಯವಾದರೆ ಕೊಟ್ಟುಬಿಡಿ. ಅವರು ಕಂತಿಗೆ ಒಪ್ಪಿದ ಮಾತ್ರಕ್ಕೆ ಬಡ್ಡಿಯ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಬಡ್ಡಿಯ ಮಾತು ಬಂದರೆ ಮುಚ್ಚಿಡದೆ ಕುಳಿತು ಲೆಕ್ಕ ಹಾಕಿ ಇತ್ಯರ್ಥ ಮಾಡಿಕೊಳ್ಳಿ.

ಸಾಲವನ್ನು ಹೀಗೆ ಬರೆದು ಒಪ್ಪಿಕೊಂಡರೆ ನಾಳೆ ನನ್ನ ಮೇಲೇ ಸಾಕ್ಷಿಯಾಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುತ್ತದೆ. ನೀವು ಸಹಿ ಹಾಕಿದ ಸಾಲದ ಒಪ್ಪಿಗೆಯಿಂದ ಅವರ ಮೂರು ವರ್ಷದ ಕಾಲಮಿತಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಆದರೆ ಬೋರ್ಡು ನಿಮ್ಮ ಸೈಟಿನ ಗೋಡೆಯ ಮೇಲಿದೆ, ಅವರ ಡೆಲಿವರಿ ಚೀಟಿಯಲ್ಲಿ ನಿಮ್ಮವರ ಸಹಿ ಇದೆ, ಜಮೆ ನಿಮ್ಮ ಜಿಎಸ್‌ಟಿ ಲೆಕ್ಕದಲ್ಲಿದೆ. ಅಡಗಿಸಿಡಲು ಏನೂ ಉಳಿದಿಲ್ಲ. ಬೋರ್ಡಿನಲ್ಲಿ ನಿಜವಾಗಿ ದೋಷವಿದ್ದರೆ ಮಾತ್ರ ‘ತಕರಾರು ಏನೂ ಇಲ್ಲ’ ಎಂಬ ವಾಕ್ಯವನ್ನು ಬರೆಯಬೇಡಿ. ಯಾವ ಬೋರ್ಡಿನಲ್ಲಿ ಏನು ದೋಷ, ಅದಕ್ಕೆ ಎಷ್ಟು ಹಣ ತಡೆದಿದ್ದೀರಿ ಎಂದು ಬೇರೆಯಾಗಿ ಬರೆಯಿರಿ. ಹಣವಿಲ್ಲದ್ದಕ್ಕೆ ಈಗ ಹೊಸದಾಗಿ ದೋಷ ಹುಡುಕುವುದು ಬೇಡವೇ ಬೇಡ.

ಇನ್ನು ಮೇಸ್ತ್ರಿಯ ವಿಷಯ. ಅವರಿಗೆ ಈ ಪತ್ರವನ್ನು ಕಳಿಸಬೇಡಿ. ಇದಕ್ಕಿಂತ ಚೆನ್ನಾಗಿ ಬರೆದದ್ದನ್ನೂ ಕಳಿಸಬೇಡಿ. ಗೋಡೆ ಕೊರೆದವರ ಕೂಲಿ ಬೋರ್ಡಿನ ಬಾಕಿಯಂಥದ್ದಲ್ಲ. ತಿಂಗಳ ಲೆಕ್ಕದ ಕೂಲಿಯನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬಟವಾಡೆ ಮಾಡಬೇಕೆಂಬುದು 1936ರ ವೇತನ ಪಾವತಿ ಕಾಯ್ದೆಯಲ್ಲಿ ನಿಮ್ಮಂಥ ಸಣ್ಣ ಕೆಲಸಗಳಿಗೆ ಇದ್ದ ನಿಯಮ, 2019ರ ವೇತನ ಸಂಹಿತೆಯಲ್ಲೂ ಅದೇ 7ನೇ ತಾರೀಖು ಇದೆ. ವಾರದ ಲೆಕ್ಕದವರಿಗೆ ವಾರದ ಕೊನೆಯ ಕೆಲಸದ ದಿನವೇ ಕೊಡಬೇಕು ಎನ್ನುತ್ತದೆ ಸಂಹಿತೆ. ಮೇಲಿನಿಂದ ಹಣ ಬಂದಿಲ್ಲ ಎಂಬುದಕ್ಕೆ ಅಲ್ಲಿ ಜಾಗವಿಲ್ಲ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಕೊಟ್ಟ ಮುಖ್ಯ ಮಾಲೀಕರೇ ಕೊಟ್ಟು, ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕೆಂಬ ವ್ಯವಸ್ಥೆ ಗುತ್ತಿಗೆ ಕಾರ್ಮಿಕರ ಕಾನೂನಿನಲ್ಲಿ ಹಿಂದಿನಿಂದಲೂ ಇದೆ.

ಕಾನೂನನ್ನು ಬದಿಗಿಟ್ಟು ನೋಡಿದರೂ ಅಷ್ಟೇ. ಬೋರ್ಡಿನವರಿಗೆ ಬ್ಯಾಂಕ್ ಇದೆ, ಬೇರೆ ಗಿರಾಕಿಗಳಿದ್ದಾರೆ. ಮೇಸ್ತ್ರಿಯ ಹಿಂದೆ ಆರೇಳು ಜನ ಇದ್ದಾರೆ. ಶನಿವಾರ ಸಂಜೆ ಅವರು ಸಂತೆಗೆ ಹೋಗಬೇಕು. ನಿಮ್ಮ ಬಳಿ ಇಂದು ಇರುವ ಹಣ ಇಬ್ಬರಿಗೂ ಸಾಲದಿದ್ದರೆ ಮೊದಲು ಕೂಲಿ, ಆಮೇಲೆ ಬೋರ್ಡು. ಮೇಸ್ತ್ರಿಯ ಬಿಲ್ಲಿನಲ್ಲಿ ಕೂಲಿಯ ಭಾಗ ಎಷ್ಟು, ಅವರ ಸ್ವಂತ ಲಾಭ ಮತ್ತು ಯಂತ್ರದ ಬಾಡಿಗೆ ಎಷ್ಟು ಎಂದು ಅವರೊಂದಿಗೇ ಕುಳಿತು ಬೇರೆ ಮಾಡಿ. ಕೂಲಿಯ ಭಾಗವನ್ನು ಪೂರ್ತಿ ಕೊಟ್ಟ ಮೇಲೆ ಉಳಿದದ್ದಕ್ಕೆ ತಾರೀಖು ಕೇಳಬಹುದು. ಅದನ್ನು ಮೊಬೈಲಿನಲ್ಲಿ ಬರೆದು ಕಳಿಸದೆ ಎದುರು ನಿಂತು ಹೇಳಿ.

ಅದೇ ದಿನ ಮೇಲಕ್ಕೂ ಒಂದು ಪತ್ರ ಹೋಗಲಿ. ನೀವು ಸಣ್ಣ ಉದ್ಯಮವಾಗಿ ನೋಂದಾಯಿಸಿದ್ದರೆ, ಕೆಳಗಿನವರಿಗೆ ನೀವು ಕೊಡಬೇಕಾದ 45 ದಿನದ ಗಡುವನ್ನು ಮೇಲಿನವರಿಂದ ನೀವೂ ಕೇಳಬಹುದು. ಸಾಮಗ್ರಿ ಮತ್ತು ಕೂಲಿ ಕೂಡಿದ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸುತ್ತದೆಯೇ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳು ಬೇರೆ ಬೇರೆ ರೀತಿ ಹೇಳಿವೆ, ಆದ್ದರಿಂದ ವಕೀಲರನ್ನು ಕೇಳದೆ ಅದರ ಬೆದರಿಕೆ ಹಾಕಬೇಡಿ. ಈಗ ಬೇಕಾದದ್ದು ಮಾಹಿತಿ. ‘ನಮ್ಮ ಮೂರನೇ ಬಿಲ್ಲು ಯಾವ ದಿನಾಂಕದಂದು, ನಿಮ್ಮ ಯಾವ ಬಿಲ್ಲಿನಲ್ಲಿ ಸೇರಿ ಮಾಲೀಕರಿಗೆ ಹೋಗಿದೆ? ಎಷ್ಟಕ್ಕೆ ಪಾಸಾಗಿದೆ? ಆ ಬಿಲ್ಲಿನ ಹಣ ನಿಮಗೆ ಬಂದಿದೆಯೇ?’ ಎಂದು ಮೂರೇ ಪ್ರಶ್ನೆ ಕೇಳಿ. ಬರಹದಲ್ಲಿ ಉತ್ತರ ಕೊಡಲು ಹಿಂಜರಿದರೆ, ಹಣ ಅವರಿಗೆ ಬಂದು ಅವರಲ್ಲೇ ನಿಂತಿರಬಹುದು ಎಂದು ಅನುಮಾನಿಸಲು ಕಾರಣವಿದೆ. ಆಗ ಸೈಟ್ ಎಂಜಿನಿಯರನ್ನು ಬಿಟ್ಟು ಅವರ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರ ಬಳಿಗೆ ಹೋಗಿ.

ಮುಂದಿನ ವರ್ಕ್ ಆರ್ಡರಿನಲ್ಲಿ ‘ಬ್ಯಾಕ್ ಟು ಬ್ಯಾಕ್’ ಎಂಬುದನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ‘ಮುಖ್ಯ ಗುತ್ತಿಗೆದಾರರಿಂದ ಹಣ ಬಂದ 3 ದಿನದೊಳಗೆ, ಅಥವಾ ಸರಕು ಸೈಟಿಗೆ ತಲುಪಿದ 45 ದಿನದೊಳಗೆ, ಇವೆರಡರಲ್ಲಿ ಯಾವುದು ಮೊದಲೋ ಅಂದು ಪಾವತಿ ಮಾಡಲಾಗುವುದು.’ ದೊಡ್ಡ ಬೋರ್ಡುಗಳಿಗೆ ಶೇ. 30 ಮುಂಗಡವನ್ನು ಮುಖ್ಯ ಗುತ್ತಿಗೆದಾರರಿಂದ ಕೇಳಿ ಪಡೆದು, ಅದನ್ನು ಹಾಗೆಯೇ ಬೋರ್ಡಿನವರಿಗೆ ದಾಟಿಸಿ. ಸರಕು ತಿಂಗಳ ಮೊದಲ ವಾರದಲ್ಲಿ ಬರುವ ಬದಲು ನಿಮ್ಮ ಬಿಲ್ಲು ಕೊಡುವ ದಿನಕ್ಕೆ ನಾಲ್ಕೈದು ದಿನ ಮುಂಚೆ ಬರುವಂತೆ ಆರ್ಡರ್ ಹಾಕಿದರೆ, ಈ ಸಲ ಕಳೆದುಕೊಂಡ 24 ದಿನಗಳಲ್ಲಿ ಇಪ್ಪತ್ತು ದಿನ ನಿಮ್ಮ ಕೈಗೆ ಬರುತ್ತವೆ.

ಆಗಸ್ಟ್ 14ರ ಕಂತು ಯಾವುದೇ ಕಾರಣಕ್ಕೆ ತಪ್ಪುತ್ತದೆ ಎಂದು ಅನ್ನಿಸಿದರೆ 13ರ ಬೆಳಿಗ್ಗೆಯೇ ನೀವೇ ಅವರಿಗೆ ಫೋನ್ ಮಾಡಿ, 15ರಂದು ಅವರ ಕರೆ ಬರುವವರೆಗೆ ಕಾಯಬೇಡಿ.